ಅಕ್ರಿಲಿಕ್ ಸ್ವೆಟರ್ ಹಾಕಿಕೊಂಡು ಒಲೆ ಮುಂದೆ ಕೂರಬೇಡಿ

ಪ್ರಶ್ನೆ: ಸಂತೆಯಲ್ಲಿ ಉಣ್ಣೆ ಸ್ವೆಟರ್ ಅಂತ ಅಮ್ಮನಿಗೆ ತಂದೆ. ಬೆಚ್ಚಗಿದೆ ಅಂತಾರೆ. ಆದರೆ ಸೀರೆಗೆ ಅಂಟಿಕೊಳ್ಳುತ್ತೆ, ಬಿಚ್ಚುವಾಗ ಚಟಪಟ ಅನ್ನುತ್ತೆ. ಬೆಳಗ್ಗೆ ಅದನ್ನೇ ಹಾಕಿಕೊಂಡು ಹಂಡೆ ಒಲೆಗೆ ಉರಿ ಹಾಕ್ತಾರೆ. ಏನಾದರೂ ತೊಂದರೆನಾ? (ಚಿಂತಾಮಣಿ)

ತೊಂದರೆ ಇದೆ. ನಾಳೆ ಬೆಳಗ್ಗೆ ಉರಿ ಹಾಕುವ ಮೊದಲು ಸ್ವೆಟರ್ ಬಿಚ್ಚಿಡಲು ಹೇಳಿ. ಮಿಕ್ಕಿದ್ದನ್ನು ಆಮೇಲೆ ಓದಿ.

ಪ್ರತಿ ಚಳಿಗಾಲದಲ್ಲೂ ಈ ಪ್ರಶ್ನೆ ಬರುತ್ತದೆ. ಎಲ್ಲರಿಗೂ ಚಟಪಟ ಸದ್ದಿನದೇ ಚಿಂತೆ. ಒಲೆಯ ವಿಷಯ ಕೊನೆಯಲ್ಲಿ ಬರುತ್ತದೆ, ಎಷ್ಟೋ ಪತ್ರಗಳಲ್ಲಿ ಬರುವುದೇ ಇಲ್ಲ. ಅದಕ್ಕೇ ನನಗೆ ಸಿಟ್ಟು.

ನೀವು ಹೇಳುವ ಲಕ್ಷಣ ನೋಡಿದರೆ ಅದು ಅಕ್ರಿಲಿಕ್. ಅಂದರೆ ಪ್ಲಾಸ್ಟಿಕ್ ಎಳೆ. ಬೆಚ್ಚಗಿರುವುದು ಸುಳ್ಳಲ್ಲ. ನೂಲು ಮಾಡುವಾಗ ಬಿಸಿಗೆ ಕುಗ್ಗುವ ಎಳೆ, ಕುಗ್ಗದ ಎಳೆ ಎರಡನ್ನೂ ಬೆರೆಸಿ ಹಬೆ ಕೊಡುತ್ತಾರೆ. ಒಂದು ಕುಗ್ಗಿದಾಗ ಇನ್ನೊಂದು ಸುರುಳಿಯಾಗಿ ಉಬ್ಬುತ್ತದೆ. ಆ ಉಬ್ಬಿನಲ್ಲಿ ಗಾಳಿ ನಿಲ್ಲುತ್ತದೆ, ಆ ಗಾಳಿಯೇ ಮೈ ಬಿಸಿಯನ್ನು ಹೊರಗೆ ಬಿಡುವುದಿಲ್ಲ.

ಆದರೆ ಅಕ್ರಿಲಿಕ್ ನೀರು ಹೀರುವುದಿಲ್ಲ. ಸಾಮಾನ್ಯ ಹವೆಯಲ್ಲಿ ಉಣ್ಣೆ ತನ್ನ ತೂಕದ ಸುಮಾರು 16 ಶೇಕಡಾ ತೇವವನ್ನು ಒಳಗೆ ಇಟ್ಟುಕೊಳ್ಳುತ್ತದೆ, ಅಕ್ರಿಲಿಕ್ ಬರೀ 2 ಶೇಕಡಾ. ಅದಕ್ಕೇ ಸ್ವಲ್ಪ ಬೆವರಿದರೂ ಒಳಗೆ ಅಂಟಂಟು. ತೇವ ಇಲ್ಲದಿದ್ದರೆ ವಿದ್ಯುತ್ ಹರಿದುಹೋಗಲು ದಾರಿಯೂ ಇಲ್ಲ. ಸ್ವೆಟರ್ ಸೀರೆಗೆ, ಚರ್ಮಕ್ಕೆ ಉಜ್ಜಿದಾಗ ಒಂದು ಕಡೆ ಋಣ, ಇನ್ನೊಂದು ಕಡೆ ಧನ ಕೂಡಿ ಎರಡೂ ಒಂದನ್ನೊಂದು ಎಳೆಯುತ್ತವೆ. ಬಿಚ್ಚುವಾಗ ಕಿಡಿ ಹಾರುತ್ತದೆ. ನಮ್ಮ ಕಡೆ ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಇದು ಜಾಸ್ತಿ. ಒಳಗೆ ಹತ್ತಿಯ ರವಿಕೆಯೋ ಬನಿಯನ್ನೋ ಇದ್ದರೆ ಎಷ್ಟೋ ಕಡಿಮೆಯಾಗುತ್ತದೆ. ಈ ಕಿಡಿ ಸ್ವೆಟರ್‌ಗೆ ಬೆಂಕಿ ಹಚ್ಚುವುದಿಲ್ಲ. ಪೆಟ್ರೋಲ್ ಬಂಕಲ್ಲಿ ಮಾತ್ರ ಸ್ವೆಟರ್ ಬಿಚ್ಚಬೇಡಿ.

ಅಪಾಯ ಇರುವುದು ಒಲೆಯಲ್ಲಿ. ಗಾಳಿಯಲ್ಲಿ ಆಮ್ಲಜನಕ ಇರುವುದು 21 ಶೇಕಡಾ. ಉಣ್ಣೆ ಉರಿಯುತ್ತಲೇ ಇರಬೇಕಾದರೆ ಸುಮಾರು 25 ಬೇಕು. ಹಾಗಾಗಿ ಕಂಬಳಿಗೆ ಕೆಂಡ ಬಿದ್ದರೆ ಸುಟ್ಟು ಕರಕಾಗಿ ಸಾಮಾನ್ಯವಾಗಿ ಅಲ್ಲೇ ನಂದುತ್ತದೆ. ಅಕ್ರಿಲಿಕ್‌ಗೆ 18 ಸಾಕು. ಒಮ್ಮೆ ಹತ್ತಿದರೆ ತಾನಾಗಿ ಆರುವುದಿಲ್ಲ. ಉಬ್ಬಿದ ನೂಲಲ್ಲಿ ಗಾಳಿಯೂ ಇದೆಯಲ್ಲ, ಬೇಗ ಮೇಲಕ್ಕೇರುತ್ತದೆ. ಜೊತೆಗೆ ಕರಗಿ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ, ಮೆತ್ತಿದ ಜಾಗದಲ್ಲಿ ಬೇಯಿಸುತ್ತಲೇ ಇರುತ್ತದೆ. ನಿಮ್ಮ ಅಮ್ಮ ಬಗ್ಗಿ ಸೌದೆ ಒಳಗೆ ನೂಕುವಾಗ ಮೊದಲು ಉರಿಗೆ ಸಿಗುವುದು ತೋಳಿನ ಅಂಚು. ಮಫ್ಲರ್ ಇದ್ದರೆ ಅದರ ತುದಿ, ಅಲ್ಲಿಂದ ಕುತ್ತಿಗೆ ಎಷ್ಟು ದೂರ?

ಸ್ವೆಟರ್ ಯಾವುದು ಅಂತ ಗೊತ್ತಾಗಬೇಕೇ? ಒಳಗಿನ ಹೊಲಿಗೆಯಿಂದ ಎರಡಿಂಚು ನೂಲು ಎಳೆದುಕೊಳ್ಳಿ. ಅಂಗಳದಲ್ಲಿ, ಸ್ಟೀಲ್ ತಟ್ಟೆಗೆ ನೀರು ಹಾಕಿ, ಅದರ ಮೇಲೆ ಚಿಮಟದಲ್ಲಿ ಹಿಡಿದು ಹಚ್ಚಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ನಿಧಾನವಾಗಿ ಉರಿದು ನಂದುತ್ತದೆ, ಆರಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗುತ್ತಾ ಜೋರಾಗಿ ಉರಿಯುತ್ತದೆ, ಘಾಟು ವಾಸನೆ, ಕೊನೆಗೆ ಕಪ್ಪು ಗಟ್ಟಿ ಗಂಟು. ಆ ಗಂಟನ್ನು ಬಿಸಿ ಇರುವಾಗ ಮುಟ್ಟಬೇಡಿ, ಹೊಗೆಯನ್ನೂ ಮೂಸಬೇಡಿ. ಎರಡೂ ಬೆರೆತ ನೂಲಿದ್ದರೆ ಈ ಪರೀಕ್ಷೆ ಗೊಂದಲ ಮಾಡುತ್ತದೆ. ಆಗ ಅಕ್ರಿಲಿಕ್ ಅಂತಲೇ ತಿಳಿದು ಒಲೆಯಿಂದ ದೂರ ಇಡಿ.

ಉರಿ ಹಾಕುವಾಗ ಮೈಗೆ ಹತ್ತುವ, ತೋಳು ಬಿಗಿಯಾದ ಹತ್ತಿ ಬಟ್ಟೆ ಸಾಕು, ಸೆರಗು ಸಿಕ್ಕಿಸಿಕೊಂಡಿರಲಿ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಅಕಸ್ಮಾತ್ ಸ್ವೆಟರ್‌ಗೆ ಬೆಂಕಿ ಹತ್ತಿದರೆ ಓಡಬಾರದು. ನೆಲಕ್ಕೆ ಮಲಗಿ ಉರುಳಬೇಕು, ಇಲ್ಲವೇ ನೀರು ಸುರಿಯಬೇಕು. ಆರಿದ ಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ಮೆತ್ತಿಕೊಂಡ ಬಟ್ಟೆಯನ್ನು ಕೀಳಬೇಡಿ, ಚರ್ಮವೇ ಕಿತ್ತು ಬರುತ್ತದೆ. ಸುತ್ತಲಿನದನ್ನು ಕತ್ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೂತ್‌ಪೇಸ್ಟ್, ಇಂಕು, ಅರಿಶಿನ ಹಚ್ಚಿ ಅಂತ ಹೇಳುವವರನ್ನು ಹತ್ತಿರ ಸೇರಿಸಬೇಡಿ.

ಪ್ರಶ್ನೆ: ಸ್ವೆಟರ್ ಚಟಪಟ ಅಂದರೆ ಮೈಯಲ್ಲಿ ವಿಷ ಸೇರಿದೆ, ತಾಮ್ರದ ಕಡಗ ಹಾಕಿಕೊಳ್ಳಿ ಅಂದರು. ನಿಜವಾ? (ಶಿರಾ)

ಶುದ್ಧ ಸುಳ್ಳು. ಕಡಗದ ದುಡ್ಡಲ್ಲಿ ಎರಡು ಹತ್ತಿ ಬನಿಯನ್ ತನ್ನಿ.

ಪ್ರಶ್ನೆ: ಅಕ್ರಿಲಿಕ್ ಸ್ವೆಟರ್‌ಗೆ ಇಸ್ತ್ರಿ ಹಾಕಬಹುದಾ? (ಮುಳಬಾಗಿಲು)

ಬೇಡ. ಬಿಸಿ ಹಬೆ ತಗುಲಿದರೆ ಉಬ್ಬು ಇಳಿದು ಜೋತುಬೀಳುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.