ಪೆಂಡುಲಂ ಸೂತ್ರ ತಲೆಕೆಳಗಾಗಿದೆಯಾ? ಯೂನಿಟ್ ಹಿಡಿದು ನೋಡಿ

"ಮಗಳ ನೋಟ್ಸ್‌ನಲ್ಲಿ T = 2π√(g/L) ಅಂತಿದೆ, ಸರೀನಾ? ನಮ್ಮ ಗೋಡೆ ಗಡಿಯಾರ ದಿನಕ್ಕೆ ಒಂದು ನಿಮಿಷ ಹಿಂದೆ ಬೀಳ್ತಿದೆ. ಬಿಲ್ಲೆಗೆ ಭಾರ ಸೇರಿಸಲಾ?"

ಸೂತ್ರ ತಲೆಕೆಳಗಾಗಿದೆ ಸರ್. T ಅಂದರೆ ಒಂದು ಸಲ ಹೋಗಿ ಬರುವ ಹೊತ್ತು, L ಪೆಂಡುಲಂ ಉದ್ದ, g ಗುರುತ್ವದ ವೇಗೋತ್ಕರ್ಷ, ಅದರ ಯೂನಿಟ್ m/s². ಅದನ್ನು ಮೀಟರಿನಿಂದ ಭಾಗಿಸಿದರೆ ಉಳಿಯುವುದು 1/s², ವರ್ಗಮೂಲ ತೆಗೆದರೆ 1/s. ಎಡಗಡೆ ಸೆಕೆಂಡು ಇದೆ, ಬಲಗಡೆ ಸೆಕೆಂಡು ಕೆಳಗೆ ಕೂತಿದೆ. ಹೊಂದಲ್ಲ.

ಸರಿಯಾದದ್ದನ್ನು ಬಾಯಿಪಾಠ ಮಾಡಬೇಕಿಲ್ಲ. ಒಂದು ಸಲ ತೂಗಲು ಹಿಡಿಯುವ ಹೊತ್ತು ಭಾರ m, ಉದ್ದ L, ಮತ್ತು g ಮೇಲೆ ನಿಂತಿದೆ ಅಂದುಕೊಳ್ಳಿ. ಕಿಲೋಗ್ರಾಂ ಇರುವುದು m ಒಂದರಲ್ಲೇ, ಅದನ್ನು ಹೊಡೆದುಹಾಕಲು ಜೊತೆಗಾರ ಇಲ್ಲ. ಹಾಗಾಗಿ m ಆಚೆಗೆ. ಸೆಕೆಂಡು ಇರುವುದು g ಒಂದರಲ್ಲೇ, ಅದೂ ಕೆಳಗೆ, ವರ್ಗವಾಗಿ. ಅದು ಬರೀ ಸೆಕೆಂಡಾಗಿ ಮೇಲೆ ಬರಬೇಕಾದರೆ g ಕೆಳಗಿರಬೇಕು, ವರ್ಗಮೂಲದೊಳಗೆ. ಆಗ √ಮೀಟರ್ ಒಂದು ಕೆಳಗೆ ಉಳಿಯುತ್ತದೆ. ಅದನ್ನು ಕಳೆಯಲು √L ಮೇಲೆ ಬೇಕು. √(L/g) ಸಿಕ್ಕಿತು.

ಯೂನಿಟ್ ಸರಿಹೋದರೆ ಸೂತ್ರ ಸರಿ ಅಂತ ಇನ್ನೊಬ್ಬರು ಬರೆದಿದ್ದಾರೆ. ಅರ್ಧ ನಿಜ ಅಷ್ಟೆ. 2π ಬದಲು 5 ಬರೆದರೂ ಯೂನಿಟ್ ಹೊಂದುತ್ತದೆ. ಆ ಸಂಖ್ಯೆ ಬೇಕಾದರೆ ಅಳೆಯಬೇಕು. ನೂಲಿಗೆ ನಟ್ ಕಟ್ಟಿ, ಕಟ್ಟಿದ ಜಾಗದಿಂದ ನಟ್ಟಿನ ನಡುವಿಗೆ 1 ಮೀಟರ್ ಇರಿಸಿ (ಗಂಟಿನವರೆಗೆ ಅಳೆದು ನಾನೇ ಒಮ್ಮೆ ಕೆಟ್ಟಿದ್ದೇನೆ). 20 ಸಲ ಹೋಗಿ ಬರಲು ಸುಮಾರು 40 ಸೆಕೆಂಡು, ಅಂದರೆ ಒಂದಕ್ಕೆ 2. √(1/9.8) ಸುಮಾರು 0.319. ಭಾಗಿಸಿದರೆ 6.27, 2πಗೆ ತೀರಾ ಹತ್ತಿರ. ಎಳೆದು ಬಿಡುವುದು ಸ್ವಲ್ಪವೇ ಇರಲಿ. ಕೋನಕ್ಕೆ ಯೂನಿಟ್ ಇಲ್ಲದ್ದರಿಂದ ಈ ಲೆಕ್ಕಕ್ಕೆ ಅದು ಕಾಣುವುದೇ ಇಲ್ಲ. ಆದರೆ 60 ಡಿಗ್ರಿಗೆ ಎಳೆದು ಬಿಟ್ಟರೆ ಹೊತ್ತು ಶೇ. 7ರಷ್ಟು ಜಾಸ್ತಿಯಾಗುತ್ತದೆ.

ಬಿಲ್ಲೆ ಮೇಲೆ ನಾಣ್ಯ ಇಟ್ಟೆ, ಗಡಿಯಾರ ಜೋರಾಯಿತು, ಭಾರವೂ ಲೆಕ್ಕಕ್ಕಿದೆ ಅಂದ ಮೇಡಂ, ನೀವು ಕಂಡದ್ದು ನಿಜ, ಕಾರಣ ಬೇರೆ. ಲಂಡನ್ನಿನ ಬಿಗ್ ಬೆನ್ ಗಡಿಯಾರದಲ್ಲೂ ಹಾಗೇ ಮಾಡುತ್ತಾರೆ. ಹಳೆಯ ಪೆನ್ನಿ ಒಂದು ಇಟ್ಟರೆ ದಿನಕ್ಕೆ 0.4 ಸೆಕೆಂಡು ಮುಂದೆ ಹೋಗುತ್ತದೆ. ನಾಣ್ಯ ಮೇಲುಗಡೆ ಕೂತು ಭಾರದ ನಡುವನ್ನು ಎತ್ತುತ್ತದೆ, ಹಾಗಾಗಿ L ಕಡಿಮೆಯಾದಂತೆ.

ಸರ್, ನೀವು ಭಾರ ಸೇರಿಸಬೇಡಿ. ದಿನಕ್ಕೆ 1440 ನಿಮಿಷ, ನಿಮ್ಮ ತಪ್ಪು 1. ವರ್ಗಮೂಲ ಇರುವುದರಿಂದ ಉದ್ದವನ್ನು ಅದರ ಎರಡರಷ್ಟು, 720ರಲ್ಲಿ ಒಂದು ಪಾಲು, ಇಳಿಸಬೇಕು. ಪೆಂಡುಲಂ 25 ಸೆಂ.ಮೀ. ಇದ್ದರೆ ಅದು 0.35 ಮಿ.ಮೀ. ಅಷ್ಟೇ. ಬಿಲ್ಲೆಯ ಕೆಳಗಿನ ನಟ್ ಚೂರೇ ಚೂರು ಮೇಲೆ ತಿರುಗಿಸಿ, ಒಂದು ದಿನ ಬಿಟ್ಟು ನೋಡಿ.

ಮಳೆಗಾಲದಲ್ಲಷ್ಟೇ ನಿಧಾನವಾಗುವ ಗಡಿಯಾರದ ಬಗ್ಗೆ ಕೇಳಿದವರು, ಕಡ್ಡಿ ಮರದ್ದಾ ಕಬ್ಬಿಣದ್ದಾ ಅಂತ ಮೊದಲು ತಿಳಿಸಿ.