ಎರಡೂ ಗುಂಪು ಏರಿ ಒಟ್ಟು ಮಾತ್ರ ಇಳಿದದ್ದು ಹೇಗೆ?

"ಕಾಲೇಜಿನ ನೋಟಿಸ್ ಬೋರ್ಡಿನ ಫಲಿತಾಂಶ ಪಟ್ಟಿಯ ಫೋಟೋ ತೆಗೆದೆ. ರೆಗ್ಯುಲರ್ ಹೋದ ವರ್ಷ 85%, ಈ ವರ್ಷ 90%. ರಿಪೀಟರ್ಸ್ 30% ಇದ್ದದ್ದು 40%. ಆದರೆ ಒಟ್ಟು 79.5%ರಿಂದ 75%ಕ್ಕೆ ಇಳಿದಿದೆ! ಎಷ್ಟು ಜನ ಪರೀಕ್ಷೆಗೆ ಕೂತರು ಅನ್ನೋ ಕಾಲಂ ಫೋಟೋದಲ್ಲಿ ಕಟ್ ಆಗಿದೆ. ಪಟ್ಟಿ ತಪ್ಪಾ?"

ಪಟ್ಟಿ ಸರಿಯಾಗಿಯೇ ಇರಬಹುದು. ನಾನು ಪಿಯು ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ, ಈ ಗೊಂದಲ ಪ್ರತಿ ವರ್ಷ ಯಾರಿಗಾದರೂ ಬರುತ್ತದೆ. ಯಾವ ಗುಂಪಿನಲ್ಲಿ ಮಕ್ಕಳು ಹೆಚ್ಚೋ, ಅದು ಒಟ್ಟು ಫಲಿತಾಂಶವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹೀಗೆ ಪ್ರತಿ ಗುಂಪಿನಲ್ಲೂ ಏರಿದ್ದು ಒಟ್ಟಿನಲ್ಲಿ ಇಳಿದಂತೆ ಕಾಣುವುದಕ್ಕೆ ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ.

ಫೋಟೋದಲ್ಲಿ ಬಾರದ ಕಾಲಂನ ಸುಳಿವು ಇರುವ ಅಂಕಿಗಳಲ್ಲೇ ಇದೆ. ಈ ವರ್ಷದ ಒಟ್ಟು 75ರಿಂದ ರಿಪೀಟರ್ಸ್‌ನ 40 ಕಳೆಯಿರಿ, 35. ಎರಡು ಗುಂಪುಗಳ ಅಂತರ 90 ಕಳೆ 40, ಅಂದರೆ 50. 35ನ್ನು 50ರಿಂದ ಭಾಗಿಸಿದರೆ 0.7. ಪರೀಕ್ಷೆಗೆ ಕೂತವರಲ್ಲಿ ರೆಗ್ಯುಲರ್ ಮಕ್ಕಳು 70% ಎಂದಾಯಿತು. ಹೋದ ವರ್ಷಕ್ಕೂ ಹೀಗೇ ಮಾಡಿ: 49.5 ಭಾಗಿಸು 55, ಅಂದರೆ 90%.

ಅಂದರೆ ನೂರಕ್ಕೆ ಹತ್ತು ಜನ ಇದ್ದ ರಿಪೀಟರ್ಸ್ ಈ ಸಲ ಮೂವತ್ತು ಜನ. ಎರಡೂ ವರ್ಷ 200 ಜನ ಕೂತರು ಅಂದುಕೊಳ್ಳಿ. ಹೋದ ವರ್ಷ 180 ರೆಗ್ಯುಲರ್ ಮಕ್ಕಳಲ್ಲಿ 153, 20 ರಿಪೀಟರ್ಸ್‌ನಲ್ಲಿ 6, ಒಟ್ಟು 159 ಪಾಸು. ಈ ವರ್ಷ 140ರಲ್ಲಿ 126, 60ರಲ್ಲಿ 24, ಒಟ್ಟು 150. ಹೋದ ವರ್ಷದಷ್ಟೇ 180 ಮತ್ತು 20 ಇದ್ದಿದ್ದರೆ ಈ ವರ್ಷದ ದರದಲ್ಲಿ 162 ಮತ್ತು 8, ಒಟ್ಟು 170 ಜನ ಪಾಸಾಗುತ್ತಿದ್ದರು. ಅದು 85%.

ಇದೇ ಲೆಕ್ಕದಿಂದ ಫೋಟೋದ ಅಂಕಿ ಸರಿಯಾಗಿ ಓದಿದ್ದೀರಾ ಎಂದೂ ಗೊತ್ತಾಗುತ್ತದೆ. ಒಟ್ಟು ಯಾವಾಗಲೂ ಎರಡು ಗುಂಪಿನ ದರಗಳ ನಡುವೆಯೇ ಬರಬೇಕು. ಬಾರದಿದ್ದರೆ ಮಸುಕಾದ 8 ನಿಮಗೆ 3 ಆಗಿ ಕಂಡಿರಬೇಕು, ಇಲ್ಲವೇ ಪ್ರೈವೇಟ್ ಅಭ್ಯರ್ಥಿಗಳಂಥ ಮೂರನೇ ಗುಂಪು ಕಟ್ ಆಗಿರಬೇಕು. ಗುಂಪುಗಳ ದರ 52, 50ರಂತೆ ಹತ್ತಿರವಿದ್ದರೆ ಈ ಉಪಾಯ ನಂಬಬೇಡಿ. ದಶಮಾಂಶ ಬಿಟ್ಟು ಬರೆದದ್ದಕ್ಕೇ ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಆದರೆ ಗುಂಪುವಾರು ಏರಿಕೆ ನೋಡಿ ಪಾಠ ಚೆನ್ನಾಗಿ ನಡೆದಿದೆ ಎಂದೂ ಈಗಲೇ ಹೇಳಲಾರೆ. ರೆಗ್ಯುಲರ್ ಪಾಲು 90ರಿಂದ 70ಕ್ಕೆ ಇಳಿದದ್ದೇಕೆ? ಹಳೆಯ ಬ್ಯಾಚಿನವರು ಹೆಚ್ಚಾಗಿ ಬಂದು ಕೂತಿದ್ದರೆ ಮಕ್ಕಳು ನಿಜಕ್ಕೂ ಸುಧಾರಿಸಿರಬಹುದು. ಹಾಜರಾತಿ ಸಾಲದೆಂದು ಕಲಿಕೆಯಲ್ಲಿ ಹಿಂದಿದ್ದವರನ್ನು ಪರೀಕ್ಷೆಗೆ ಕೂರಿಸದೇ ಇದ್ದರೆ, ಯಾರೂ ಹೆಚ್ಚು ಕಲಿಯದೆಯೂ ರೆಗ್ಯುಲರ್ ದರ ಏರುತ್ತದೆ. ಇದಕ್ಕೆ ಉತ್ತರ ಫೋಟೋದಲ್ಲಿಲ್ಲ. ಕಾಲೇಜಿನಲ್ಲಿ ಎರಡು ಸಂಖ್ಯೆ ಕೇಳಿ: ವರ್ಷದ ಆರಂಭದಲ್ಲಿ ದಾಖಲಾದ ರೆಗ್ಯುಲರ್ ಮಕ್ಕಳೆಷ್ಟು, ಅವರಲ್ಲಿ ಹಾಲ್ ಟಿಕೆಟ್ ಸಿಕ್ಕಿದ್ದು ಎಷ್ಟು ಜನರಿಗೆ.