ದಿನ, ಸ್ಥಳ ಆರನೆಯ ಪ್ಯಾರಾದಲ್ಲಿ

*ಮಾನ್ಯ ಸಂಪಾದಕರೇ, ಇಯರ್‌ಫೋನ್‌ನಿಂದ ಕಿವಿಗೆ ಆಗುವ ಹಾನಿಯ ಬಗ್ಗೆ ನಾವು ವಿದ್ಯಾರ್ಥಿಗಳೇ ನಡೆಸುವ ಜಾಗೃತಿ ಅಭಿಯಾನದ ಪ್ರಕಟಣೆಯನ್ನು ಪತ್ರಿಕೆಯೊಂದಕ್ಕೆ ಕಳುಹಿಸಿದ್ದೆವು. ಮೊದಲ ಎರಡು ಪ್ಯಾರಾ ಮಾತ್ರ ಅಚ್ಚಾದವು. ಶ್ರವಣ ತಪಾಸಣೆಯ ದಿನ, ಸ್ಥಳವೇ ಬಿಟ್ಟುಹೋದವು. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಯಾರು ಓದುತ್ತಾರೆ ಎಂದು ಕೊನೆಗೆ ಇಟ್ಟಿದ್ದೆವು. ತಪ್ಪೇ?*
*– ಒಬ್ಬ ವಿದ್ಯಾರ್ಥಿನಿ*

ತಪ್ಪೇ, ತಾಯಿ. ಆದರೆ ಅದನ್ನು ನಿಮಗೆ ಕಲಿಸಿದವರು ನಾವು ದೊಡ್ಡವರು.

ನೀವು ಲಗತ್ತಿಸಿದ ಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಪ್ಯಾರಾ ‘ಇಂದಿನ ಯಾಂತ್ರಿಕ ಯುಗದಲ್ಲಿ’ ಎಂದು ಶುರುವಾಗುತ್ತದೆ. ಎರಡನೆಯದರಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು. ದಿನ, ವೇಳೆ, ಸ್ಥಳ ಸಿಗುವುದು ಆರನೆಯ ಪ್ಯಾರಾದಲ್ಲಿ. ಕುತೂಹಲವನ್ನು ಕೊನೆಯವರೆಗೆ ಕಾಪಿಡುವುದು ಕಥೆಗೆ ಸರಿ, ನುಡಿಚಿತ್ರಕ್ಕೂ ಸರಿ. ಪ್ರಕಟಣೆ ಹೋಗುವುದು ಉಪಸಂಪಾದಕನ ಮೇಜಿಗೆ. ರಾತ್ರಿ ಪುಟ ಕಟ್ಟುವಾಗ ಜಾಹೀರಾತೊಂದು ಬಂದು ಕೂತರೆ ಅವನು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾನೆ. ನಾನೂ ಹಾಗೆ ಕತ್ತರಿಸಿದವನೇ. ಒಮ್ಮೆ ರಕ್ತದಾನ ಶಿಬಿರದ ಪ್ರಕಟಣೆಯ ಕೊನೆಯ ಸಾಲನ್ನು ತೆಗೆದುಹಾಕಿದೆ. ಶಿಬಿರದ ಜಾಗ ಬದಲಾದ ಸಂಗತಿ ಇದ್ದದ್ದು ಆ ಸಾಲಿನಲ್ಲೇ. ರಕ್ತ ಕೊಡಲು ಹೋದವರು ಬೀಗ ಹಾಕಿದ ಬಾಗಿಲು ನೋಡಿ ಹಿಂದಿರುಗಿದರು. ಮುಖ್ಯವಾದದ್ದು ಮೊದಲು, ಉಳಿದದ್ದು ಕೆಳಕೆಳಗೆ ಎಂಬ ‘ತಲೆಕೆಳಗಾದ ಪಿರಮಿಡ್’ ಕ್ರಮ ಸುದ್ದಿಗೆ ಏಕೆ ಬೇಕೆಂದು ನನಗೆ ಮನವರಿಕೆಯಾದದ್ದು ಅಂದು.

ನಿಮ್ಮ ಆರನೆಯ ಪ್ಯಾರಾವನ್ನು ಮೇಲಕ್ಕೆ ತಂದರೆ ಹೀಗಾಗುತ್ತದೆ: ‘ಇಯರ್‌ಫೋನ್‌ನ ಅತಿಬಳಕೆಯಿಂದ ಕಿವಿಗೆ ಆಗುವ ಹಾನಿಯ ಬಗ್ಗೆ ಎಚ್ಚರಿಸಲು ಕಾಲೇಜಿನ ವಿದ್ಯಾರ್ಥಿಗಳು ಸೋಮವಾರದಿಂದ ಐದು ದಿನ, ಬೆಳಿಗ್ಗೆ 9ರಿಂದ 11ರವರೆಗೆ, ಬಸ್ ನಿಲ್ದಾಣದಲ್ಲಿ ಉಚಿತ ಶ್ರವಣ ತಪಾಸಣೆ ಏರ್ಪಡಿಸಿದ್ದಾರೆ.’ ಕಾಲೇಜಿನ ಹೆಸರನ್ನೂ ತಾರೀಖನ್ನೂ ಸೇರಿಸಿ. ‘ನಾಳೆ’ ಎಂದು ಮಾತ್ರ ಬರೆಯಬೇಡಿ. ಸುದ್ದಿ ಯಾವ ದಿನ ಅಚ್ಚಾಗುತ್ತದೆಂದು ನಿಮಗೆ ಗೊತ್ತಿರುವುದಿಲ್ಲ. ಉಳಿದ ಐದೂ ಪ್ಯಾರಾ ಹೋದರೂ ಜನ ಬರಲು ಈ ಒಂದು ವಾಕ್ಯ ಸಾಕು.

ಎರಡನೆಯ ಪ್ಯಾರಾದಲ್ಲಿ ಕಾರಣ ಬರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು; ಸದ್ದು 90ಕ್ಕೆ ಏರಿದರೆ ನಾಲ್ಕೇ ಗಂಟೆ. ಇಷ್ಟು ಒಳ್ಳೆಯ ಮಾಹಿತಿಯನ್ನು ನೀವು ಐದನೆಯ ಪ್ಯಾರಾದಲ್ಲಿ ಅಡಗಿಸಿಟ್ಟಿದ್ದೀರಿ! ಅದರ ಕೆಳಗೆ ಅಭಿಯಾನ ನಡೆಸುವವರ ಒಂದು ಮಾತು, ಅದಕ್ಕೂ ಕೆಳಗೆ ನಿಮ್ಮ ಸಂಘದ ಪರಿಚಯ. ವರದಿಗಾರರಿಗೆ ಬೇಕಾದ ದೂರವಾಣಿ ಸಂಖ್ಯೆ ಸುದ್ದಿಯಿಂದ ಬೇರೆಯಾಗಿ ಕೊನೆಯಲ್ಲಿರಲಿ. ಬರೆದಾದ ಮೇಲೆ ಕೊನೆಯ ಪ್ಯಾರಾವನ್ನು ಅಂಗೈಯಿಂದ ಮುಚ್ಚಿ ಓದಿ, ಆಮೇಲೆ ಅದರ ಮೇಲಿನದನ್ನೂ ಮುಚ್ಚಿ. ಎಲ್ಲಿ ಅರ್ಥ ಕೆಡುತ್ತದೋ ಅಲ್ಲಿ ಮುಚ್ಚಿಹೋದ ಸಂಗತಿ ಇನ್ನೂ ಮೇಲೆ ಬರಬೇಕಿತ್ತು.

ಇನ್ನು ಅತಿಥಿಗಳ ಪ್ಯಾರಾ. ಯಾವ ಸಭೆಯ ವರದಿ ತೆರೆದರೂ ವೇದಿಕೆಯಲ್ಲಿ ಯಾರು ಕುಳಿತಿದ್ದರು ಎಂಬುದೇ ಮೊದಲು. ಅಲ್ಲಿ ಏನು ಮಾತಾಯಿತು ಎಂದು ಹುಡುಕಬೇಕು. ಹೆಸರು ಬಿಟ್ಟರೆ ಮುನಿಸು, ಹಿಂದೆಮುಂದಾದರೆ ದೂರು. ಈ ಭಯವನ್ನು ಮಕ್ಕಳಿಗೂ ಅಂಟಿಸಿದ್ದೇವಲ್ಲ ಎಂದು ಸಂಕಟವಾಗುತ್ತದೆ. ನಿಮ್ಮ ಪ್ರಕಟಣೆಯಲ್ಲಿ ಹನ್ನೊಂದು ಹೆಸರುಗಳಿವೆ. ಅಭಿಯಾನಕ್ಕೆ ದುಡಿದ ವಿದ್ಯಾರ್ಥಿಗಳದ್ದು ಅದರಲ್ಲಿ ಒಂದೂ ಇಲ್ಲ.

– ಸಂಪಾದಕ